ಪಾತ್ರಗಳು ಭಾಷಣ ಮಾಡುತ್ತಿದ್ದರೆ: ಕತೆಯ ಸಂಭಾಷಣೆ ತಿದ್ದುವ ಕ್ರಮ

ಚಿಕ್ಕಬಳ್ಳಾಪುರದಲ್ಲಿ ನಾವು ಕೆಲವರು ಒಬ್ಬರ ಕತೆ ಒಬ್ಬರು ಓದಿ ಹೇಳಿಕೊಳ್ಳುತ್ತೇವೆ. ಹಾಗಾಗಿ ಹೊಸದಾಗಿ ಬರೆಯುವವರು ನನಗೂ ಕತೆ ಕೊಡುತ್ತಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ಓದಿದವರೆಲ್ಲ ಸಂಭಾಷಣೆ ಕೃತಕವಾಗಿದೆ ಅಂತಾರೆ. ಆಡುಮಾತಿಗೆ ತಿರುಗಿಸಿ ಬರೆದೆ, ಆದ್ರೂ ಹಾಗೇ ಅಂತಾರೆ. ಎಲ್ಲಿ ತಪ್ತಿದೆ?"

ಹೆಚ್ಚಿನ ಸಲ ತಪ್ಪುವುದು ಒಂದೇ ಕಡೆ. ಪಾತ್ರಗಳಿಗೆಲ್ಲ ತಮ್ಮ ಮನಸ್ಸು ಪೂರ್ತಿ ಗೊತ್ತಿರುತ್ತದೆ. ಗೊತ್ತಿರುವುದನ್ನು ಅವರು ತುಂಬು ವಾಕ್ಯದಲ್ಲಿ, ಕಾರಣ ಸಮೇತ ಹೇಳಿಬಿಡುತ್ತಾರೆ. ಅಪ್ಪ, ಮಗ, ಅಮ್ಮ ಎಲ್ಲರೂ ಹಾಗೇ. ಇದನ್ನು ಹೇಗೆ ತಿದ್ದುವುದು ಅಂತ ಒಂದೇ ದೃಶ್ಯ ಇಟ್ಟುಕೊಂಡು ಹಂತ ಹಂತವಾಗಿ ತೋರಿಸುತ್ತೇನೆ. ನಿಮ್ಮ ಕತೆಯನ್ನು ತಿದ್ದಿಕೊಳ್ಳುವುದಕ್ಕೂ ಸ್ನೇಹಿತರ ಕತೆಗೆ ಅಭಿಪ್ರಾಯ ಹೇಳುವುದಕ್ಕೂ ಕ್ರಮ ಒಂದೇ.

ಬೇಕಾಗುವುದು ಇಷ್ಟು: ಒಂದು ದೃಶ್ಯ, ಅದೂ ಎರಡು ಪುಟಕ್ಕಿಂತ ಜಾಸ್ತಿ ಬೇಡ. ಕಾಗದದ ಮೇಲೆ ಇದ್ದರೆ ಒಳ್ಳೆಯದು. ಒಂದು ಪೆನ್ಸಿಲ್. ಕೊನೆಯ ಹಂತಕ್ಕೆ, ನಿಮ್ಮ ಕತೆ ಗೊತ್ತಿಲ್ಲದ ಒಬ್ಬರು. ಇಡೀ ಕತೆಯನ್ನು ಒಂದೇ ಸಲ ತಿದ್ದಲು ಕೂರಬೇಡಿ. ಒಂದು ದೃಶ್ಯ ಸರಿಹೋದರೆ ಮಿಕ್ಕಿದ್ದರಲ್ಲಿ ಎಲ್ಲೆಲ್ಲಿ ಎಡವಿದ್ದೀರಿ ಅಂತ ನಿಮಗೇ ಕಾಣುತ್ತದೆ.

ನಾನು ತೆಗೆದುಕೊಂಡಿರುವ ದೃಶ್ಯ ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಮನೆಯದು. ಮಗ ಮಂಜ ನರಸಾಪುರದ ಕಡೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ದುಡಿಯುತ್ತಾನೆ. ತಂಗಿ ಲಕ್ಷ್ಮಿಯ ಮದುವೆಗೆ ಅಂತ ದುಡ್ಡು ಕಳಿಸುತ್ತಿದ್ದ. ಅಪ್ಪ ಅದರಲ್ಲಿ ಬೋರ್ ಕೊರೆಸಿದ. ನೀರು ಬರಲಿಲ್ಲ. ಬೇರೆ ಯಾರಿಂದಲೋ ವಿಷಯ ಗೊತ್ತಾಗಿ ಮಂಜ ಊರಿಗೆ ಬಂದಿದ್ದಾನೆ. ಮೊದಲ ಬರವಣಿಗೆ ಹೀಗಿದೆ ಅಂತ ಇಟ್ಟುಕೊಳ್ಳಿ:

"ಅಪ್ಪ, ನೀವು ನನಗೆ ಒಂದು ಮಾತೂ ತಿಳಿಸದೆ ಕೊಳವೆಬಾವಿ ಕೊರೆಸಿದ್ದರಿಂದ ನನ್ನ ಮನಸ್ಸಿಗೆ ತುಂಬಾ ನೋವಾಗಿದೆ. ನಾನು ರಾತ್ರಿ ಪಾಳಿ ದುಡಿದು ಕಳಿಸಿದ ಹಣವನ್ನು ತಂಗಿಯ ಮದುವೆಗೆ ಕೂಡಿಡುತ್ತಿದ್ದೀರಿ ಎಂದು ನಂಬಿದ್ದೆ."

"ನಿನ್ನ ನೋವು ನನಗೆ ಅರ್ಥವಾಗುತ್ತದೆ ಮಗನೇ. ಆದರೆ ನೀರಿಲ್ಲದೆ ತೋಟ ಒಣಗುತ್ತಿರುವುದನ್ನು ಕಂಡು ನನಗೆ ಭಯವಾಯಿತು. ಸೋತಿದ್ದೇನೆ ಎಂದು ನಿನ್ನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ ಹೇಳದೆ ಉಳಿದೆ."

"ನೀವಿಬ್ಬರೂ ಹೀಗೆ ಜಗಳವಾಡಿದರೆ ನನ್ನ ಕರುಳು ಕಿತ್ತು ಬರುತ್ತದೆ. ನಮ್ಮ ಸಂಸಾರ ಒಡೆಯಬಾರದು ಎನ್ನುವುದಷ್ಟೇ ನನ್ನ ಆಸೆ."

ವಿಷಯದಲ್ಲಿ ತಪ್ಪಿಲ್ಲ. ಮೂವರ ಮನಸ್ಸಿನಲ್ಲಿರುವುದೂ ನಿಜವೇ. ಆದರೆ ಮೂರು ಮಾತಿಗೆ ದೃಶ್ಯ ಮುಗಿದುಹೋಯಿತು. ಓದುವವರು ಕಂಡುಕೊಳ್ಳಲು ಏನೂ ಉಳಿಯಲಿಲ್ಲ.

1. ಮೊದಲು ಗುರುತು ಹಾಕಿ, ತಿದ್ದಬೇಡಿ

ಪೆನ್ಸಿಲ್ ತಗೊಂಡು ಎರಡೇ ಬಗೆಯ ಗುರುತು ಹಾಕಿ. ಭಾವನೆಯ ಹೆಸರು ಬಂದ ಕಡೆಯಲ್ಲೆಲ್ಲ ಅಡಿಗೆರೆ ಎಳೆಯಿರಿ. ಇಲ್ಲಿ ನೋವು, ಭಯ, ನಾಚಿಕೆ, ಆಸೆ. ಕೇಳಿಸಿಕೊಳ್ಳುವ ಪಾತ್ರಕ್ಕೆ ಮೊದಲೇ ಗೊತ್ತಿರುವ ವಿಷಯಕ್ಕೆ ಸುತ್ತು ಹಾಕಿ. ಮಂಜ ರಾತ್ರಿ ಪಾಳಿ ದುಡಿಯುವುದು ಅಪ್ಪನಿಗೆ ಗೊತ್ತು. ತೋಟ ಒಣಗುತ್ತಿರುವುದು ಮಂಜನಿಗೂ ಗೊತ್ತು. ಆ ಮಾತುಗಳು ಅಪ್ಪನಿಗಾಗಿಯೋ ಮಗನಿಗಾಗಿಯೋ ಬಂದಿಲ್ಲ. ಓದುವವರಿಗೆ ತಿಳಿಯಲಿ ಅಂತ ನೀವು ಅವರ ಬಾಯಿಂದ ಆಡಿಸಿದ್ದೀರಿ.

ಆಮೇಲೆ ಒಂದು ಕಾಗದದಿಂದ ಪಾತ್ರಗಳ ಹೆಸರು ಮುಚ್ಚಿ ಬರೀ ಮಾತು ಓದಿ. ಯಾವ ಮಾತು ಯಾರದ್ದು ಅಂತ ವಿಷಯದಿಂದ ಮಾತ್ರ ಗೊತ್ತಾಗುತ್ತಿದ್ದರೆ, ಮಾತಿನ ಧಾಟಿಯಿಂದ ಗೊತ್ತಾಗದಿದ್ದರೆ, ಮೂವರೂ ನಿಮ್ಮ ದನಿಯಲ್ಲೇ ಮಾತಾಡುತ್ತಿದ್ದಾರೆ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಬರೆಯುವವರು ಕ್ರಿಯಾಪದದ ಕೊನೆಯನ್ನಷ್ಟೇ ಬದಲಾಯಿಸುತ್ತಾರೆ. "ನಂಗೆ ಒಂದ್ ಮಾತೂ ಹೇಳ್ದೆ ಬೋರ್ ಹಾಕ್ಸಿದ್ದಕ್ಕೆ ನನ್ ಮನಸ್ಗೆ ತುಂಬಾ ನೋವಾಗೈತೆ" ಅಂತ ಬರೆದು ಆಡುಮಾತಾಯಿತು ಅಂದುಕೊಳ್ಳುತ್ತಾರೆ. ಉಚ್ಚಾರಣೆ ಬದಲಾಯಿತು, ಭಾಷಣ ಹಾಗೇ ಉಳಿಯಿತು. ನಮ್ಮಲ್ಲಿ ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಅಂತರ ದೊಡ್ಡದು. ಅದಕ್ಕೇ ಈ ಮೋಸ ಸುಲಭವಾಗಿ ಆಗುತ್ತದೆ. "ಆಡುಮಾತಿಗೆ ತಿರುಗಿಸಿದ್ರೂ ಸರಿಹೋಗ್ಲಿಲ್ಲ" ಅನ್ನುವವರು ಮಾಡಿರುವುದು ಇಷ್ಟನ್ನೇ.

2. ಪ್ರತಿಯೊಬ್ಬರಿಗೂ ಈಗ ಏನು ಬೇಕು ಅಂತ ಬರೆದುಕೊಳ್ಳಿ

ಏನನಿಸುತ್ತಿದೆ ಅನ್ನುವುದನ್ನು ಬಿಡಿ, ಏನು ಬೇಕು ಅಂತ ಬರೆಯಿರಿ. ಒಬ್ಬೊಬ್ಬರಿಗೆ ಒಂದು ಸಾಲು ಸಾಕು. ಆ ಬೇಕಾದ್ದು ಅದೇ ಕೋಣೆಯಲ್ಲಿ, ಹತ್ತು ನಿಮಿಷದೊಳಗೆ ಎದುರಿನವರು ಕೊಡಬಹುದಾದ ವಸ್ತುವೋ ಮಾತೋ ಆಗಿರಬೇಕು. "ಮಂಜನಿಗೆ ಗೌರವ ಬೇಕು" ಅಂತ ಬರೆದರೆ ಕೆಲಸಕ್ಕೆ ಬರುವುದಿಲ್ಲ. ಗೌರವವನ್ನು ಕೈಗೆತ್ತಿ ಕೊಡಲು ಆಗುವುದಿಲ್ಲವಲ್ಲ.

ನಮ್ಮ ದೃಶ್ಯಕ್ಕೆ ಹೀಗೆ ಬರೆಯಬಹುದು. ಮಂಜನಿಗೆ ಬೇಕಾದ್ದು: ಬೋರ್ ಫೇಲಾಯಿತು ಅನ್ನುವುದು ಅಪ್ಪನ ಬಾಯಿಂದಲೇ ಬರಬೇಕು. ಅಪ್ಪನಿಗೆ ಬೇಕಾದ್ದು: ಮಗ ಏನೂ ಕೇಳದೆ ಕೆಲಸಕ್ಕೆ ಕೈ ಹಾಕಬೇಕು. ಅಮ್ಮನಿಗೆ ಬೇಕಾದ್ದು: ಇಬ್ಬರೂ ಉಣ್ಣಬೇಕು.

ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ, ಅವರು ಏನೇ ಆದರೂ ಬಾಯಿಬಿಟ್ಟು ಹೇಳದ ಮಾತು ಯಾವುದು ಅಂತ. ಮಂಜ "ನೀವು ನನ್ನಿಂದ ಮುಚ್ಚಿಟ್ಟಿರಿ" ಅನ್ನುವುದಿಲ್ಲ. ಅಪ್ಪ "ನಾಚಿಕೆಯಾಗುತ್ತಿದೆ" ಅನ್ನುವುದಿಲ್ಲ. ಹೀಗೆ ಬಾಯಿಗೆ ಬರದೆ ಮಾತಿನ ಹಿಂದೆ ನಿಂತಿರುವುದನ್ನು ನಾನು ಒಳಮಾತು ಅನ್ನುತ್ತೇನೆ. ಮೊದಲ ಬರವಣಿಗೆಯಲ್ಲಿ ಆಗಿರುವುದು ಇಷ್ಟೇ: ಒಳಮಾತೆಲ್ಲ ಹೊರಗೆ ಬಂದುಬಿಟ್ಟಿದೆ. ಹಾಗಂತ ಅದನ್ನು ಹರಿದು ಎಸೆಯಬೇಡಿ. ಅದು ನಿಮ್ಮ ಟಿಪ್ಪಣಿ, ಯಾರ ಮನಸ್ಸಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಬೇಕಾದದ್ದೇ.

3. ಕೈಗೆ ಕೆಲಸ ಕೊಡಿ, ಕಾಯಲಾರದ ಕೆಲಸ

ಮೊದಲ ಬರವಣಿಗೆಯಲ್ಲಿ ಮೂವರೂ ಎದುರುಬದುರು ಸುಮ್ನೆ ನಿಂತಿದ್ದಾರೆ. ಬೇರೆ ಕೆಲಸವಿಲ್ಲದವರು ಮಾತನ್ನೇ ಆಡಬೇಕು. ಅದಕ್ಕೇ ಅಷ್ಟು ಮಾತಾಡುತ್ತಾರೆ. ದೃಶ್ಯಕ್ಕೆ ಒಂದು ಕೆಲಸ ತನ್ನಿ. ಆ ಕೆಲಸಕ್ಕೆ ತನ್ನದೇ ಆತುರ ಇರಬೇಕು.

ರೇಷ್ಮೆ ಮನೆಯಲ್ಲಿ ಅಂಥ ಕೆಲಸ ಹುಡುಕುವುದು ಕಷ್ಟವಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಒಂದು ವಾರ ಬಿಡದೆ ಸೊಪ್ಪು ತಿನ್ನುತ್ತದೆ. ಜ್ವರ ಅಂದರೆ ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು. ಆ ವಾರ ಕಳೆದ ಮೇಲೆ ಹುಳು ಹಣ್ಣಾಗುತ್ತದೆ. ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸುತ್ತದೆ. ಮೈ ತಿಳಿಯಾಗಿ ಸ್ವಲ್ಪ ಹಳದಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗೆ ಕಂಡಂತಾಗುತ್ತದೆ. ಹಣ್ಣಾದವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರು ತಟ್ಟಿಯ ಮೇಲೆ ಸುತ್ತು ಸುತ್ತಾಗಿ ದಬ್ಬೆ ಕಟ್ಟಿರುವುದು, ಗೂಡು ಕಟ್ಟುವುದು ಅದರಲ್ಲೇ. ತಡ ಮಾಡಿದರೆ ಹುಳು ಸೊಪ್ಪಿನ ನಡುವೆಯೇ ನೂಲು ಬಿಟ್ಟು ಹಾಳು ಮಾಡುತ್ತದೆ. ಆ ರಾತ್ರಿ ಮನೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾಗಿದ್ದರೂ ಆರಿಸುವ ಕೆಲಸ ನಿಲ್ಲಿಸುವಂತಿಲ್ಲ.

ಈ ಕೆಲಸದಿಂದ ಅಪ್ಪನಿಗೆ ಒಂದು ಅನುಕೂಲ ಆಯಿತು ನೋಡಿ. ಮಗನ ಪ್ರಶ್ನೆಗೆ ಉತ್ತರ ಕೊಡದೆ ಹುಳುವಿನ ಮಾತಾಡಬಹುದು. ಮುಖ ನೋಡದೆ ಇರಬಹುದು. ಸುಳ್ಳು ಹೇಳಬೇಕಾಗಿಲ್ಲ, ನಿಜವನ್ನೂ ಹೇಳಬೇಕಾಗಿಲ್ಲ.

ನಿಮ್ಮ ಕತೆ ಬೇರೆ ಕಡೆಯದಾದರೆ ಅಲ್ಲಿಯ ಕೆಲಸ ಹಿಡಿಯಿರಿ. ಕೋಲಾರದ ಕಡೆಯಾದರೆ ಮಂಡಿಗೆ ಗಾಡಿ ಹೊರಡುವುದರೊಳಗೆ ಟೊಮ್ಯಾಟೊ ಆರಿಸಿ ಬಾಕ್ಸಿಗೆ ತುಂಬುವುದು. ತಿಪಟೂರಿನ ಕಡೆಯಾದರೆ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಯುವುದು.

ಎಚ್ಚರ ಒಂದಿದೆ. "ಟೀ ಹೀರಿದ", "ಕಿಟಕಿಯಾಚೆ ನೋಡಿದ", "ನಿಟ್ಟುಸಿರು ಬಿಟ್ಟ" ಇವು ಕೆಲಸ ಅಲ್ಲ. ಮಾತಿನ ಮಧ್ಯೆ ತುರುಕಿದ ಒಣ ಹುಲ್ಲು. ಪರೀಕ್ಷೆ ಸುಲಭ. ಆ ಕೆಲಸವನ್ನು ದೃಶ್ಯದಿಂದ ತೆಗೆದುಹಾಕಿ ನೋಡಿ. ಒಂದು ಮಾತೂ ಬದಲಾಗದಿದ್ದರೆ ಅದು ಅಲಂಕಾರಕ್ಕೆ ಇಟ್ಟದ್ದು.

4. ವಾಕ್ಯದ ಕೆಲಸವನ್ನು ಸಣ್ಣ ಪ್ರತ್ಯಯಕ್ಕೆ ವಹಿಸಿ

ನನಗೆ ತುಂಬಾ ಪ್ರೀತಿಯ ಹಂತ ಇದು. ಭಾವನೆ ವಿವರಿಸಲು ನೀವು ಬಳಸುವ ಉದ್ದದ ವಾಕ್ಯವನ್ನು ಕನ್ನಡ ಎರಡು ಅಕ್ಷರದಲ್ಲಿ ಮುಗಿಸುತ್ತದೆ. ದಿನಾ ನಮ್ಮ ಬಾಯಲ್ಲಿ ಇರುವ ಮಾತುಗಳೇ, ಬರೆಯುವಾಗ ಮರೆಯುತ್ತೇವೆ.

ಮೊದಲನೆಯದು "ಅಂತೆ". ಬೇರೆಯವರಿಂದ ಕೇಳಿ ತಿಳಿದದ್ದು ಅಂತ ಈ ಒಂದು ಪ್ರತ್ಯಯ ಹೇಳಿಬಿಡುತ್ತದೆ. ಮಂಜ ಬಾಗಿಲಲ್ಲಿ ನಿಂತು "ಬೋರ್ ಹಾಕ್ಸಿದ್ರಂತೆ" ಅಂದರೆ ಸಾಕು. ನನಗೆ ನೀವು ಹೇಳಲಿಲ್ಲ, ಊರಿನವರು ಹೇಳಿದರು, ಎಲ್ಲರಿಗೂ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಇಷ್ಟೆಲ್ಲ ಆ "ಅಂತೆ"ಯೊಳಗೇ ಇದೆ. ಮೊದಲ ಬರವಣಿಗೆಯ ಎರಡು ವಾಕ್ಯಗಳ ದೂರು ಎರಡು ಪದಕ್ಕೆ ಇಳಿಯಿತು. ನೋವು ಅನ್ನುವ ಪದ ಬರಲಿಲ್ಲ, ಆದರೆ ನೋವು ಜಾಸ್ತಿಯೇ ಆಯಿತು.

ಎರಡನೆಯದು "ಊ" ಮತ್ತು "ಏ". "ನೀನು ಹೇಳಲಿಲ್ಲ" ಅನ್ನುವುದು ಬೇರೆ. "ನೀನೂ ಹೇಳ್ಲಿಲ್ಲ" ಅನ್ನುವುದು ಬೇರೆ. ಅಪ್ಪ ಮುಚ್ಚಿಡುತ್ತಾನೆ ಅಂತ ಮಂಜನಿಗೆ ಗೊತ್ತಿತ್ತು, ಅಮ್ಮನಾದರೂ ಹೇಳುತ್ತಾಳೆ ಅಂದುಕೊಂಡಿದ್ದ ಅನ್ನುವುದು ಆ ಒಂದು ದೀರ್ಘದಲ್ಲಿ ಬಂತು. ಹಾಗೇ "ಅವಳು ಕೊಟ್ಲು" ಅಂದರೆ ಸುದ್ದಿ. "ಅವಳೇ ಕೊಟ್ಲು" ಅಂದರೆ ಹೇಳುವವನು ತನ್ನ ಮೇಲೆ ಬರುವ ತಪ್ಪನ್ನು ತಡೆಯುತ್ತಿದ್ದಾನೆ.

ಮೂರನೆಯದು ನೀನು, ನೀವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನಿಗೆ ನೀನು ಅಂತಲೇ ಅನ್ನುತ್ತಾರೆ, ಕೆಲವು ಮನೆಗಳಲ್ಲಿ ನೀವು. ಮಂಜ ದಿನಾ ನೀನು ಅನ್ನುವವನು ಅಂತ ಕತೆಯಲ್ಲಿ ಮುಂಚೆಯೇ ಒಂದು ಕಡೆ ತೋರಿಸಿಟ್ಟಿರಿ. ಇವತ್ತು ಅವನು "ಹಾಕ್ಸಿದ್ಯಂತೆ" ಅನ್ನಲಿಲ್ಲ, "ಹಾಕ್ಸಿದ್ರಂತೆ" ಅಂದ. ಅಪ್ಪ ದೂರದವನಾದ. ಇನ್ನೊಂದು ಸೂಕ್ಷ್ಮವೂ ಇದೆ. ಆಡುವಾಗ "ನೀವು ಹಾಕಿಸಿದಿರಂತೆ", "ಅವರು ಹಾಕಿಸಿದರಂತೆ" ಎರಡೂ ಒಂದೇ ಥರ ಕೇಳಿಸುತ್ತವೆ. ಎದುರಿಗಿರುವ ಅಪ್ಪನಿಗೆ ಹೇಳಿದನೋ, ಯಾರದೋ ವಿಷಯ ಹೇಳಿದನೋ ಅನ್ನುವ ಹಾಗಿದೆ. ದೃಶ್ಯದ ಕೊನೆಯಲ್ಲಿ ಅವನು ಮತ್ತೆ "ನೀನು" ಅಂದರೆ ರಾಜಿ ಆಯಿತು ಅಂತ ಬೇರೆ ಬರೆಯಬೇಕಾಗಿಲ್ಲ. ಮೊದಲ ಬರವಣಿಗೆಯಲ್ಲಿ ಉದ್ದಕ್ಕೂ ಪುಸ್ತಕದ "ನೀವು" ಇದ್ದದ್ದರಿಂದ ಈ ದಾರಿಯೇ ಮುಚ್ಚಿಹೋಗಿತ್ತು.

ನಾಲ್ಕನೆಯದು ಪ್ರತ್ಯಯ ಅಲ್ಲ, ನಮ್ಮ ಮನೆಗಳ ಅಭ್ಯಾಸ. ಸಿಟ್ಟು ಬಂದಾಗ ಎದುರಿಗಿರುವವರ ಜೊತೆ ನೇರವಾಗಿ ಮಾತಾಡುವುದಿಲ್ಲ. ಮೂರನೆಯವರ ಮೂಲಕ ಆಡುತ್ತೇವೆ. ಮಗ ಎರಡು ಮಾರು ದೂರದಲ್ಲಿ ನಿಂತಿದ್ದರೂ ಅಪ್ಪ ಹೆಂಡತಿಗೆ "ಅವನ್ನ ಕೇಳು, ತಿಂತಾನೇನೋ" ಅನ್ನುತ್ತಾನೆ. ಮಾತು ಬಿಟ್ಟಿದ್ದಾರೆ ಅನ್ನುವುದೂ, ಹಸಿದಿದ್ದಾನೆ ಅನ್ನುವ ಕಾಳಜಿಯೂ ಎರಡೂ ಅದರಲ್ಲಿವೆ.

ಇವನ್ನೆಲ್ಲ ಒಂದೇ ದೃಶ್ಯಕ್ಕೆ ತುರುಕಬೇಡಿ. ಪ್ರತಿ ಸಾಲಿಗೂ ಒಂದೊಂದು "ಅಂತೆ", "ಕಣಪ್ಪ", "ಬಿಡು" ಬಂದರೆ ಅದೂ ಒಂದು ಥರದ ಕೃತಕವೇ. ಎರಡು ಪುಟದಲ್ಲಿ ಮೂರೋ ನಾಲ್ಕೋ ಕಡೆ, ಮಾತು ತಿರುಗುವ ಜಾಗದಲ್ಲಿ ಮಾತ್ರ.

5. ಉತ್ತರ ಕೊಡಿಸದೆ ಬರೆಯಿರಿ

ಈಗ ಮೊದಲ ಬರವಣಿಗೆ ನೋಡದೆ ದೃಶ್ಯವನ್ನು ಹೊಸದಾಗಿ ಬರೆಯಿರಿ. ಸಾಲು ಸಾಲಾಗಿ ಅದನ್ನೇ ತಿದ್ದುತ್ತಾ ಹೋದರೆ ಹಳೆಯ ಸಾಲಿನ ಆಕಾರ ಉಳಿದುಬಿಡುತ್ತದೆ. ನಿಯಮ ಒಂದೇ. ಪ್ರಶ್ನೆಗೆ ನೇರ ಉತ್ತರ ಆದಷ್ಟು ತಡವಾಗಿ ಬರಲಿ. ಎರಡನೇ ಹಂತದಲ್ಲಿ ಬರೆದ "ಬೇಕು" ಪ್ರಕಾರ ಒಬ್ಬೊಬ್ಬರೂ ತಮಗೆ ಬೇಕಾದ ಕಡೆಗೆ ಮಾತು ಎಳೆಯಲಿ.

ನಾನು ಬರೆದದ್ದು ಇದು:

ಹುಳು ಹಣ್ಣಾಗಿದ್ದವು. ಅಪ್ಪ ದೀಪದ ಕೆಳಗೆ ಕೂತು ಒಂದೊಂದೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ಮಂಜ ಹೆಗಲ ಮೇಲಿನ ಬ್ಯಾಗು ಇಳಿಸಲಿಲ್ಲ.

"ಬೋರ್ ಹಾಕ್ಸಿದ್ರಂತೆ."

"ಕೈ ತೊಳ್ಕೊಂಡ್ ಬಾ. ಇವು ಕಾಯಲ್ಲ."

"ಎಷ್ಟಡಿ ಹೋಯ್ತು?"

"ಚಂದ್ರಿಕೆ ಇನ್ನೂ ನಾಲ್ಕು ಬೇಕು. ಹಿತ್ತಲಲ್ಲೈತೆ ನೋಡು."

"ಎಷ್ಟಡಿ ಅಂತ ಕೇಳ್ದೆ."

"ಹದಿಮೂರ್ನೂರು."

"ನೀರು?"

ಅಪ್ಪ ಒಂದು ಹುಳುವನ್ನು ದೀಪಕ್ಕೆ ಹಿಡಿದು ನೋಡಿದ. ಇನ್ನೂ ಹಣ್ಣಾಗಿರಲಿಲ್ಲ. ಮತ್ತೆ ಸೊಪ್ಪಿನ ಮೇಲೆ ಬಿಟ್ಟ.

"ಧೂಳು."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಮುದ್ದೆ ಮಾಡಿದೀನಿ. ಬಿಸಿ ಇರೋವಾಗ್ಲೇ ತಿನ್ಬಾರ್ದಾ."

"ಅವನ್ನ ಕೇಳು. ತಿಂತಾನೇನೋ."

"ನೀನೂ ಹೇಳ್ಲಿಲ್ಲ," ಅಂದ ಮಂಜ ಅಮ್ಮನಿಗೆ.

"ಸಾರು ತಣ್ಣಗಾಯ್ತದೆ."

"ಲಕ್ಷ್ಮಿಗೆ ಗೊತ್ತಾ?"

ಯಾರೂ ಮಾತಾಡಲಿಲ್ಲ. ಹುಳು ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು.

"ಓಲೆ ಅವಳೇ ಬಿಚ್ಚಿ ಕೊಟ್ಲು," ಅಂದ ಅಪ್ಪ. "ನಾನು ಕೇಳಿರಲಿಲ್ಲ. ಕೊಟ್ಟಾಗ ಬೇಡ ಅನ್ನಬೇಕಾಗಿತ್ತು, ಅನ್ನಲಿಲ್ಲ."

ಮಂಜ ಬ್ಯಾಗು ಇಳಿಸಿ ಹಿತ್ತಲಿಗೆ ಹೋದ. ಎರಡು ಚಂದ್ರಿಕೆ ಹೊತ್ತು ತಂದು ಗೋಡೆಗೆ ಒರಗಿಸಿದ.

"ನಾಲ್ಕು ಅಂದಿದ್ದೆ."

"ತರ್ತೀನಿ. ನೀನು ಹೋಗಿ ತಿನ್ನು, ನಾನು ಆರಿಸ್ತೀನಿ."

ಇಲ್ಲಿ ಏನೇನು ಆಗಿದೆ ಅಂತ ನೋಡಿ. ನೋವು, ಭಯ, ನಾಚಿಕೆ, ಆಸೆ ಯಾವ ಪದವೂ ಇಲ್ಲ. ಅಪ್ಪ ಎರಡು ಸಲ ಪ್ರಶ್ನೆ ತಪ್ಪಿಸಿಕೊಂಡ. ಮೂರನೇ ಸಲಕ್ಕೆ ಸಿಕ್ಕಿಬಿದ್ದ, ಆದರೂ ಒಂದೇ ಪದ ಕೊಟ್ಟ. "ಧೂಳು" ಅಂದರೆ ನಮ್ಮ ಕಡೆ ಓದುವವರಿಗೆ ಸಾಕು. ಬೋರ್ ಗಾಡಿ ನಿಂತ ಹೊಲದಲ್ಲಿ ನೀರಿಗೆ ಕಾದು ಬರೀ ಬಿಳಿ ಪುಡಿ ಹಾರುವುದನ್ನು ನೋಡಿದವರು ಊರೂರಲ್ಲಿ ಇದ್ದಾರೆ.

ಅಮ್ಮ ಸಂಸಾರದ ಬಗ್ಗೆ ಮಾತಾಡಲೇ ಇಲ್ಲ. ಮಗ ದೂರಿದರೂ ಸಾರಿನ ಮಾತಾಡಿದಳು. ಅವಳ ಬಳಿ ಉತ್ತರ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಓಲೆಯ ವಿಷಯ ಮೊದಲ ಬರವಣಿಗೆಯಲ್ಲಿ ಇರಲೇ ಇಲ್ಲ. ಎಲ್ಲರೂ ಎಲ್ಲವನ್ನೂ ವಿವರಿಸಿ ಮುಗಿಸಿದ್ದರಿಂದ ಹೊಸದೊಂದು ವಿಷಯ ಬರಲು ಅಲ್ಲಿ ಜಾಗವಿರಲಿಲ್ಲ. ವಿವರಣೆ ತೆಗೆದ ಮೇಲೆ ದೃಶ್ಯಕ್ಕೆ ಏನೋ ಕಮ್ಮಿ ಅನಿಸಿತು. ಆ ಖಾಲಿಯಲ್ಲಿ ಓಲೆ ಬಂತು. ನಿಮಗೂ ಹೀಗೇ ಆಗುತ್ತದೆ. ಭಾವನೆಯ ಹೆಸರು ಹೊಡೆದುಹಾಕಿದ ಜಾಗದಲ್ಲಿ ಒಂದು ವಸ್ತುವೋ ಒಂದು ಘಟನೆಯೋ ಬೇಕು ಅನಿಸುತ್ತದೆ. ಅದನ್ನು ಹುಡುಕಲು ಒಂದೆರಡು ದಿನ ತಗೊಳ್ಳಿ.

6. ಒಂದು ತುಂಬು ಮಾತು ಉಳಿಸಿ

ಓಲೆಯ ಬಗ್ಗೆ ಅಪ್ಪ ಆಡಿದ ಮಾತು ಪೂರ್ತಿ ವಾಕ್ಯದಲ್ಲಿದೆ. ತಪ್ಪನ್ನು ಒಪ್ಪಿಕೊಳ್ಳುವ ಮಾತೂ ಹೌದು. ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಅಷ್ಟು ಹೊತ್ತು ಒಂದೊಂದು ಪದ ಆಡಿದವನು ಒಮ್ಮೆ ಮೂರು ವಾಕ್ಯ ಆಡಿದರೆ ಅದಕ್ಕೆ ತೂಕ ಬರುತ್ತದೆ.

ತುಂಬು ವಾಕ್ಯ ಆಡುವ ಜನ ಇಲ್ಲ ಅಂತಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ನ್ಯಾಯ ಹೇಳುವವರು, ಮೇಷ್ಟ್ರು, ವಕೀಲರು, ಬಸ್ಸಿನಲ್ಲಿ ಬರುವಾಗ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಬಂದ ಮಗಳು, ಇವರೆಲ್ಲ ಹಾಗೆ ಮಾತಾಡುವುದು ಸಹಜ. ಒಂದು ದೃಶ್ಯದಲ್ಲಿ ಒಬ್ಬರಿಗೆ ಆ ಹಕ್ಕು ಕೊಡಿ. ಎಲ್ಲರಿಗೂ ಕೊಟ್ಟರೆ ಮತ್ತೆ ಶುರುವಿಗೇ ಬಂದ ಹಾಗಾಗುತ್ತದೆ.

ಓದುವವರಿಗೆ ತಿಳಿಯಲೇಬೇಕಾದ ಮಾಹಿತಿಯನ್ನು ನಿರೂಪಣೆಗೆ ಹಾಕಿ. ನಿರೂಪಣೆ ಅಂದರೆ ಪಾತ್ರದ ಬಾಯಲ್ಲಿ ಬರದೆ ನೀವೇ ಹೇಳುವ ಭಾಗ. "ಮಂಜ ಎರಡು ವರ್ಷದಿಂದ ಪ್ರತಿ ತಿಂಗಳು ಲಕ್ಷ್ಮಿ ಮದುವೆಗೆ ಅಂತ ಕಳಿಸುತ್ತಿದ್ದ" ಅಂತ ದೃಶ್ಯ ಶುರುವಾಗುವ ಮುಂಚೆ ಒಂದು ಸಾಲು ಬರೆದರೆ ಆಯಿತು. ಪಾತ್ರಗಳ ತಲೆಯಿಂದ ಆ ಭಾರ ಇಳಿಯುತ್ತದೆ.

7. ಊರ ಮಾತು ಎಷ್ಟು ಬೇಕೋ ಅಷ್ಟೇ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಹೊರಗೆ ಕನ್ನಡ. ಇದು ಬರೆಯುವವರಿಗೆ ಒಳ್ಳೆಯ ಸಾಧನ. ಉದ್ದಕ್ಕೂ ಕನ್ನಡ ಆಡಿದ ಅಪ್ಪ ಕೊನೆಗೆ ಮಗನನ್ನು "ರಾ ನಾಯ್ನಾ" ಅಂತ ಕರೆದರೆ ಮನಸ್ಸು ಕರಗಿದ್ದು ಕೇಳುತ್ತದೆ. ಆದರೆ ಒಂದು ಸಲ ಸಾಕು, ಮಿಕ್ಕ ನಾಡಿನವರಿಗೂ ಸಂದರ್ಭದಿಂದಲೇ ಅರ್ಥವಾಗುವಷ್ಟು ಚಿಕ್ಕದಿರಲಿ.

ಐತೆ, ತಗಂಡ್ ಬಾ ಅಂಥವೂ ಹಾಗೇ. ಪ್ರತಿ ಪದವನ್ನೂ ಉಚ್ಚಾರಣೆಯ ಹಾಗೆ ಬರೆದರೆ ಓದುವವರು ಕತೆ ಬಿಟ್ಟು ಅಕ್ಷರ ಬಿಡಿಸುತ್ತಾ ಕೂರಬೇಕಾಗುತ್ತದೆ. ಒಂದು ಪಾತ್ರಕ್ಕೆ ಎರಡೋ ಮೂರೋ ಗುರುತು ಇಟ್ಟು, ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ. ಒಂದು ಪುಟದಲ್ಲಿ ಐತೆ, ಇನ್ನೊಂದರಲ್ಲಿ ಇದೆ ಅಂತ ಬರಬಾರದು.

8. ಓದಿಸಿ, ಮೂರು ಪ್ರಶ್ನೆ ಕೇಳಿ

ಮೊದಲು ನೀವೇ ಗಟ್ಟಿಯಾಗಿ ಓದಿ. ಒಂದೇ ಮಾತಿನ ಮಧ್ಯೆ ಉಸಿರು ಎಳೆದುಕೊಳ್ಳಬೇಕಾದರೆ ಅದು ಉದ್ದವಾಗಿದೆ. ಆಮೇಲೆ ಕತೆ ಗೊತ್ತಿಲ್ಲದ ಒಬ್ಬರಿಗೆ ಕೊಡಿ. "ಹೇಗಿದೆ?" ಅಂತ ಕೇಳಬೇಡಿ. "ಚೆನ್ನಾಗಿದೆ" ಅಂತಾರೆ, ಅಷ್ಟಕ್ಕೇ ಮುಗಿಯುತ್ತದೆ. ಹೀಗೆ ಕೇಳಿ: ಯಾರಿಗೆ ಯಾರ ಮೇಲೆ ಸಿಟ್ಟು? ಯಾಕೆ? ಕೊನೆಗೆ ಯಾರು ಬಗ್ಗಿದರು?

ಮೊದಲೆರಡಕ್ಕೆ ಉತ್ತರ ಬರದಿದ್ದರೆ ನೀವು ಅತಿಯಾಗಿ ಕತ್ತರಿಸಿದ್ದೀರಿ. ಇದೂ ಸಾಮಾನ್ಯವಾಗಿ ಆಗುವ ತಪ್ಪೇ. ಭಾಷಣ ಬೇಡ ಅಂದಿದ್ದಕ್ಕೆ ಕೆಲವರು ಬರೀ ಹ್ಞೂಂ, ಉಹ್ಞೂಂ ಬರೆದುಬಿಡುತ್ತಾರೆ. ಆಗ ಭಾವನೆಯ ಹೆಸರನ್ನು ವಾಪಸ್ ತರಬೇಡಿ. ಒಂದು ವಸ್ತುವನ್ನೋ ಒಂದು ಸಂಖ್ಯೆಯನ್ನೋ ಸೇರಿಸಿ. ನಮ್ಮ ದೃಶ್ಯದಲ್ಲಿ "ಹದಿಮೂರ್ನೂರು" ತೆಗೆದರೆ ಎಷ್ಟು ದುಡ್ಡು ಹೋಗಿರಬಹುದು ಅನ್ನುವ ಅಂದಾಜೇ ಸಿಗುವುದಿಲ್ಲ.

ಸ್ನೇಹಿತರ ಕತೆಗೆ ಅಭಿಪ್ರಾಯ ಹೇಳುವಾಗಲೂ "ಸಂಭಾಷಣೆ ಕೃತಕ" ಅಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬೇಜಾರು ಮಾತ್ರ ಆಗುತ್ತದೆ. ಒಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿ: "ಈ ಮಾತಿನಲ್ಲಿ ಅಪ್ಪನಿಗೆ ಗೊತ್ತಿಲ್ಲದ್ದು ಏನಿದೆ?" ಇಲ್ಲವೇ, "ಮಗ ಇದನ್ನು ಹೇಳಲಾರದೆ ಹೋಗಿದ್ದರೆ ಏನು ಮಾಡುತ್ತಿದ್ದ?" ಎರಡನೇ ಪ್ರಶ್ನೆಗೆ ಅವರು ಬಾಯಿಂದ ಕೊಡುವ ಉತ್ತರದಲ್ಲೇ ಹೆಚ್ಚಿನ ಸಲ ಹೊಸ ದೃಶ್ಯ ಇರುತ್ತದೆ. ಅವರು ಹೇಳುತ್ತಿದ್ದ ಹಾಗೇ ಬರೆದುಕೊಳ್ಳಲು ಹೇಳಿ. ನೀವೇ ಮಾತು ಬರೆದು ಕೊಡಬೇಡಿ. ಕೊಟ್ಟರೆ ಅವರ ಪಾತ್ರ ನಿಮ್ಮ ದನಿಯಲ್ಲಿ ಮಾತಾಡಲು ಶುರುಮಾಡುತ್ತದೆ.

ಮೂರನೇ ಪ್ರಶ್ನೆಗೆ ಒಬ್ಬೊಬ್ಬರಿಂದ ಒಂದೊಂದು ಉತ್ತರ ಬಂದರೆ ಗಾಬರಿಯಾಗಬೇಡಿ. ಈ ದೃಶ್ಯವನ್ನು ಓದಿದ ಒಬ್ಬರು ಅಪ್ಪ ಬಗ್ಗಿದ ಅಂದರು, ತಪ್ಪು ಒಪ್ಪಿಕೊಂಡನಲ್ಲ ಅಂತ. ಇನ್ನೊಬ್ಬರು ಮಗ ಅಂದರು, ಬ್ಯಾಗು ಇಳಿಸಿದ್ದು ಅವನೇ ತಾನೆ ಅಂತ. ಅಂಥ ಜಾಗವನ್ನು ತಿದ್ದಲು ಹೋಗದೆ ಹಾಗೇ ಬಿಟ್ಟುಬಿಡಿ.